ಮಗು ಅತ್ತಾಗಲೆಲ್ಲ ಇಬ್ಬರೂ ಏಳಬೇಕೆ?

ತವರಿನ ಬಾಣಂತನ ಮುಗಿಸಿ ಎರಡು ತಿಂಗಳ ಕೂಸಿನೊಂದಿಗೆ ಗಂಡನ ಮನೆಗೆ ಬಂದವರ ರಾತ್ರಿಗಳು ಬೇರೆಯೇ. ಅಮ್ಮನ ನೆರವು ಇರುವುದಿಲ್ಲ, ಕೂಸು ಎರಡು ಮೂರು ಗಂಟೆಗೊಮ್ಮೆ ಏಳುವುದು ನಿಂತಿರುವುದಿಲ್ಲ. ಪಾಪ, ಹೆಂಡತಿ ಒಬ್ಬಳೇ ಒದ್ದಾಡಬಾರದೆಂದು ಗಂಡನೂ ಪ್ರತಿ ಸಲ ಎದ್ದು ಕೂರುತ್ತಾನೆ. ಬೆಳಗಾಗುವಷ್ಟರಲ್ಲಿ ಇಬ್ಬರೂ ಸುಸ್ತು.

ನಮ್ಮ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷದ್ದು. ಗಾಢ ನಿದ್ದೆ ಹೆಚ್ಚಾಗಿ ಬರುವುದು ಮೊದಲ ಸುತ್ತುಗಳಲ್ಲಿ. ಹಾಗಾಗಿ ತುಂಡು ತುಂಡಾದ ಆರು ಗಂಟೆಗಿಂತ ಒಂದೇ ಸಮನೆ ನಾಲ್ಕೈದು ಗಂಟೆ ಮಲಗಿದರೆ ಮೈ ಹಗುರಾಗುತ್ತದೆ. ಪಾಳಿ ಹಂಚಿಕೊಳ್ಳುವುದು ಇದಕ್ಕಾಗಿಯೇ.

ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೊರಡುವ ಗಂಡ, ಎದೆಹಾಲುಣಿಸುವ ಹೆಂಡತಿ ಎಂದಿಟ್ಟುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಹಾಲೂಡಿಸಿ ಅವಳು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಾಳೆ. ಹಗಲು ಹಿಂಡಿ ಫ್ರಿಜ್‌ನಲ್ಲಿಟ್ಟ ಎದೆಹಾಲನ್ನು ಹನ್ನೆರಡರ ಹೊತ್ತಿಗೆ ಅವನು ಕುಡಿಸುತ್ತಾನೆ. ಹಾಲಿನ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದರೆ ಸಾಕು, ಒಲೆಯ ಮೇಲೆ ಕಾಯಿಸಬಾರದು, ಮೈಕ್ರೋವೇವ್ ಬೇಡವೇ ಬೇಡ. ಕುಡಿಸಲು ಬಾಟಲಿಯೇ ಬೇಕೆಂದಿಲ್ಲ, ಅಜ್ಜಿಯ ಕಾಲದ ಒಳಲೆ ತೊಳೆಯುವುದಕ್ಕೂ ಸುಲಭ. ಎರಡು ಗಂಟೆಗೆ ಪಾಳಿ ಬದಲು. ಅಲ್ಲಿಂದ ಏಳರವರೆಗೆ ಅವನ ನಿದ್ದೆಗೆ ಅಡ್ಡಿ ಇಲ್ಲ.

ತೊಡಕು ಇಲ್ಲೇ ಇದೆ. ಐದು ಗಂಟೆ ಹಾಲುಣಿಸದಿದ್ದರೆ ಮೊಲೆ ಕಟ್ಟಿಕೊಂಡು ನೋಯಬಹುದು, ಹಾಗಾದರೆ ನೋವು ಇಳಿಯುವಷ್ಟು ಹಿಂಡಬೇಕು. ಹಾಲು ಇನ್ನೂ ನೆಲೆಗೊಳ್ಳದ ಮೊದಲ ತಿಂಗಳಲ್ಲಂತೂ ಈ ಪದ್ಧತಿ ಒಗ್ಗದು. ರಾತ್ರಿಯ ಹಾಲೂಡಿಕೆ ತಪ್ಪಿದರೆ ಹಾಲು ಕಡಿಮೆಯಾಗುವ ಸಂಭವವಿದೆ. ಆಗ ಹಂಚಿಕೆಯ ರೀತಿಯೇ ಬೇರೆ: ಕೂಸನ್ನು ಎತ್ತಿ ತರುವುದು, ಲಂಗೋಟಿ ಬದಲಿಸುವುದು, ತೇಗು ಬರಿಸಿ ಮಲಗಿಸುವುದು ಎಲ್ಲ ಅಪ್ಪನದು. ತಾಯಿ ಹಾಲೂಡಿಸಿದ ಕೂಡಲೇ ಮಲಗಬೇಕು.

ಪಾಳಿಯವರು ಕೂಸು ಮುಲುಗಿದ ಕೂಡಲೇ ಎತ್ತಿಕೊಳ್ಳಬೇಡಿ. ಎಳೆಗೂಸುಗಳು ನಿದ್ದೆಯಲ್ಲೇ ಮುಲುಗುತ್ತವೆ, ಕೈಕಾಲು ಆಡಿಸುತ್ತವೆ. ಒಂದು ನಿಮಿಷ ಕಾದರೆ ಎಷ್ಟೋ ಸಲ ತಾವಾಗಿಯೇ ಸುಮ್ಮನಾಗುತ್ತವೆ. ಇನ್ನೊಂದು ಮಾತು: ತೂಕಡಿಕೆ ಬಂದರೆ ಕೂಸನ್ನೆತ್ತಿಕೊಂಡು ಸೋಫಾದಲ್ಲಿ ಕೂರಲೇಬಾರದು. ದೊಡ್ಡವರಿಗೆ ಜೊಂಪು ಹತ್ತಿ ಕೂಸು ಸಂದಿಗೆ ಜಾರಿದರೆ ಉಸಿರು ಕಟ್ಟುತ್ತದೆ. ಅಂಥ ಹೊತ್ತಲ್ಲಿ ಪಾಳಿಯ ಲೆಕ್ಕ ನೋಡದೆ ಇನ್ನೊಬ್ಬರನ್ನು ಎಬ್ಬಿಸಿ.

ಪಾಳಿ ಹಂಚಿಕೊಂಡ ಮೇಲೂ, ಕೂಸು ಮಲಗಿದ್ದಾಗ ಕೂಡ ತಾಯಿಗೆ ನಿದ್ದೆ ಹತ್ತದೆ, ಅಳು, ಬೇಸರ ಎರಡು ವಾರ ದಾಟಿದರೆ ಅದು ನಿದ್ದೆಗೇಡಿನ ಮಾತಲ್ಲ, ಬಾಣಂತಿ ಖಿನ್ನತೆ ಇರಬಹುದು. ವೈದ್ಯರಿಗೆ ತೋರಿಸಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ನಡುರಾತ್ರಿಯಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.