ಪಲ್ಲಟವೊಂದು ಸುತ್ತು ಹಲವು ಉಳಿತಾಯ

ಸೇತುವೆಯ ಕಂಪನವನ್ನು ಲೆಕ್ಕ ಹಾಕುವ ಎಂಜಿನಿಯರ್‌ಗೆ ಬೇಕಾಗುವುದು ಒಂದು ದೊಡ್ಡ ಮಾತೃಕೆಯ ಐಗನ್ ಮೌಲ್ಯಗಳು. 1961ರ ಹೊತ್ತಿಗೆ ಇಂಗ್ಲೆಂಡಿನ ಜಾನ್ ಫ್ರಾನ್ಸಿಸ್ ಮತ್ತು ರಷ್ಯಾದ ವೆರಾ ಕುಬ್ಲನೊವ್ಸ್ಕಾಯಾ ಬೇರೆಬೇರೆಯಾಗಿಯೇ ಕಂಡುಕೊಂಡ ಕ್ಯೂಆರ್ ವಿಧಾನ ಅವನ್ನು ಹುಡುಕಿಕೊಡುತ್ತದೆ. ಮಾತೃಕೆಯನ್ನು Q, R ಎಂಬ ಎರಡು ಅಪವರ್ತನಗಳಾಗಿ ಒಡೆದು, ತಿರುಗುಮುರುಗಾಗಿ RQ ಎಂದು ಗುಣಿಸಬೇಕು. ಹೀಗೆ ಸುತ್ತು ಹಾಕುತ್ತಾ ಹೋದರೆ ಕರ್ಣದ ಕೆಳಗಿನ ಸಂಖ್ಯೆಗಳು ಸವೆದು, ಕರ್ಣದ ಮೇಲೆ ಐಗನ್ ಮೌಲ್ಯಗಳು ಉಳಿಯುತ್ತವೆ.

ತೊಂದರೆ ಖರ್ಚಿನದು. 100 ಸಾಲಿನ ಮಾತೃಕೆಗೆ ಒಂದೊಂದು ಸುತ್ತಿಗೂ ಹತ್ತು ಲಕ್ಷದ ಆಸುಪಾಸು ಲೆಕ್ಕ ಬೇಕು. ಆದ್ದರಿಂದ ಮೊದಲೇ ಒಮ್ಮೆ ಹೆಸ್ಸನ್‌ಬರ್ಗ್ ರೂಪಕ್ಕೆ ತರುತ್ತಾರೆ: ಕರ್ಣದ ಕೆಳಗೆ ಒಂದೇ ಸಾಲು ಸಂಖ್ಯೆಗಳು, ಉಳಿದದ್ದೆಲ್ಲ ಸೊನ್ನೆ. ಕ್ಯೂಆರ್ ಸುತ್ತು ಈ ರೂಪವನ್ನು ಕೆಡಿಸುವುದಿಲ್ಲ; ಖರ್ಚು ಹತ್ತು ಸಾವಿರದ ಮಟ್ಟಕ್ಕೆ ಇಳಿಯುತ್ತದೆ.

ಆದರೂ ಸುತ್ತುಗಳು ಹೆಚ್ಚು. ಮೌಲ್ಯಗಳು 4 ಮತ್ತು 3 ಆಗಿದ್ದರೆ, ಕೆಳಗಿನ ಸಂಖ್ಯೆ ಪ್ರತಿ ಸುತ್ತಿಗೆ ಸುಮಾರು 3/4ರಷ್ಟಾಗುತ್ತದೆ. ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯಲು ಸುಮಾರು 48 ಸುತ್ತು. ಕರ್ಣದಿಂದ 2.9 ಕಳೆದು ಸುತ್ತು ಹಾಕಿ, ಆಮೇಲೆ ಅದನ್ನು ಮತ್ತೆ ಕೂಡಿಸಿದರೆ ಅನುಪಾತ 0.1/1.1, ಅಂದರೆ 1/11; ಆರು ಸುತ್ತು ಸಾಕು. ಈ ಕಳೆಯುವಿಕೆಯೇ ಪಲ್ಲಟ. ಪ್ರತಿ ಸುತ್ತಿನಲ್ಲೂ ಕರ್ಣದ ಕೊನೆಯ ಸಂಖ್ಯೆಯನ್ನೇ ಕಳೆದರೆ ಅಂದಾಜು ತಾನಾಗಿ ಸುಧಾರಿಸಿ ವೇಗ ಇನ್ನೂ ಏರುತ್ತದೆ.

ಈ ಆಯ್ಕೆ ಕೆಲವೊಮ್ಮೆ ಕೈಕೊಡುತ್ತದೆ. ಕರ್ಣದಲ್ಲಿ ಎರಡು ಸೊನ್ನೆ, ಬದಿಗಳಲ್ಲಿ ಎರಡು ಒಂದು ಇರುವ ಮಾತೃಕೆ ಎಷ್ಟು ಸುತ್ತಿದರೂ ಬದಲಾಗದು. ಅಲ್ಲಿ ಕೊನೆಯ 2×2 ತುಂಡಿನ ಐಗನ್ ಮೌಲ್ಯವನ್ನೇ ಪಲ್ಲಟವಾಗಿ ಬಳಸುವ ವಿಲ್ಕಿನ್ಸನ್ ಉಪಾಯ ಒಂದೇ ಸುತ್ತಿನಲ್ಲಿ ಕೆಲಸ ಮುಗಿಸುತ್ತದೆ.