ಕ್ಯಾಮೆರಾಕ್ಕೊಂದು ಬೇರೆ ವೈಫೈ

ಒಂದೇ ವೈಫೈ ಹಿಡಿದ ಸಾಧನಗಳು ಬಾಗಿಲು ಹಾಕದ ವಠಾರದ ಮನೆಗಳ ಹಾಗೆ. ಗೇಟಿನ ಕ್ಯಾಮೆರಾ, ಹಾಲಿನ ಟಿವಿ, ಬ್ಯಾಂಕ್ ವ್ಯವಹಾರದ ಲ್ಯಾಪ್‌ಟಾಪ್, ಯಾವುದು ಬೇಕಾದರೂ ಇನ್ನೊಂದರ ಕದ ತಟ್ಟಬಹುದು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಗಟ್ಟಲೆ ಸಾಧನಗಳನ್ನು ವಶಮಾಡಿಕೊಂಡಿತು. ಅವುಗಳಲ್ಲಿ ಬಹಳಷ್ಟು ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳು. ಅಂಥದೊಂದು ನಮ್ಮ ಮನೆಯೊಳಗೇ ಇದ್ದರೆ ಅದರ ಪಕ್ಕದಲ್ಲಿ ಲ್ಯಾಪ್‌ಟಾಪ್ ಇರುವುದು ಬೇಡ.

ಇದಕ್ಕೆ ಸುಲಭದ ದಾರಿ ರೌಟರಿನ ಗೆಸ್ಟ್ ನೆಟ್‌ವರ್ಕ್. ನಾನು ಅದಕ್ಕೆ `Mane-IoT` ಎಂದು ಹೆಸರಿಟ್ಟು, 2.4 ಗಿಗಾಹರ್ಟ್ಸ್‌ನಲ್ಲಿ ಶುರುಮಾಡಿದೆ. ಸ್ಮಾರ್ಟ್ ಬಲ್ಬುಗಳಲ್ಲಿ ಹೆಚ್ಚಿನವು 5 ಗಿಗಾಹರ್ಟ್ಸ್ ಹಿಡಿಯುವುದಿಲ್ಲ. ಬಲ್ಬು, ಕ್ಯಾಮೆರಾ, ಟಿವಿ ಎಲ್ಲವನ್ನೂ ಅತ್ತ ಸಾಗಿಸಿ, ಕೆಲಸ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಹೆಸರು ಎರಡಾದ ಮಾತ್ರಕ್ಕೆ ನಡುವೆ ಗೋಡೆ ಏಳುವುದಿಲ್ಲ. ಪರೀಕ್ಷಿಸಲು ಲ್ಯಾಪ್‌ಟಾಪನ್ನು `Mane-IoT`ಗೆ ಸೇರಿಸಿ, ಹಳೆಯ ವೈಫೈನಲ್ಲೇ ಇದ್ದ ಪ್ರಿಂಟರನ್ನು ಕರೆದೆ:

```
ping 192.168.1.20
```

ತಕ್ಷಣ ಉತ್ತರ ಬಂತು! ಹುಡುಕಿದರೆ, ಅತಿಥಿಗಳಿಗೆ ಒಳಗಿನ ನೆಟ್‌ವರ್ಕ್ ಬಿಟ್ಟುಕೊಡುವ ಆಯ್ಕೆಗೆ ಟಿಕ್ ಬಿದ್ದಿತ್ತು. ಅದನ್ನು ತೆಗೆದ ಮೇಲೆ ಉತ್ತರ ನಿಂತಿತು. ಈ ಪರೀಕ್ಷೆಗೆ ಪ್ರಿಂಟರೇ ಸರಿ. ವಿಂಡೋಸ್ ಕಂಪ್ಯೂಟರಿನ ಫೈರ್‌ವಾಲ್ ಪಿಂಗ್‌ಗೆ ಸಾಮಾನ್ಯವಾಗಿ ಉತ್ತರ ಕೊಡುವುದಿಲ್ಲ, ಆ ಮೌನವನ್ನು ಗೋಡೆಯೆಂದು ನಂಬಿ ಮೋಸಹೋಗುತ್ತೇವೆ.

ಗೋಡೆ ಎದ್ದ ಸಂಜೆಯೇ ಮನೆಯಲ್ಲಿ ದೂರು. ಫೋನಿನ ವಿಡಿಯೊ ಟಿವಿಗೆ ಹೋಗುತ್ತಿಲ್ಲ! ಟಿವಿ ಎಲ್ಲಿದೆಯೆಂದು ಫೋನು ಕೂಗುವ ಕೂಗು ಒಂದೇ ನೆಟ್‌ವರ್ಕಿನೊಳಗೆ ಮಾತ್ರ ಕೇಳಿಸುತ್ತದೆ. ವಿಡಿಯೊ ನೋಡುವಾಗ ಫೋನನ್ನೂ ಅತ್ತ ಸೇರಿಸುವುದೇ ಸದ್ಯದ ಉಪಾಯ. ಗೆಸ್ಟ್‌ನಲ್ಲಿ ಸಾಧನಗಳನ್ನು ಪರಸ್ಪರ ಬೇರ್ಪಡಿಸುವ ರೌಟರಾದರೆ ಅದೂ ನಡೆಯದು. ಬಲ್ಬಿಗೆ ಈ ತೊಂದರೆ ಕಡಿಮೆ. ಅದರ ಆ್ಯಪ್ ಬಹುಮಟ್ಟಿಗೆ ಇಂಟರ್‌ನೆಟ್ ಸುತ್ತಿಯೇ ಮಾತಾಡುತ್ತದೆ.

ಕ್ಯಾಮೆರಾಗಳ ರೆಕಾರ್ಡರ್ ವೈರಿನಲ್ಲಿದ್ದರೆ ಗೆಸ್ಟ್ ವೈಫೈ ಸಾಮಾನ್ಯವಾಗಿ ಅದನ್ನು ಮುಟ್ಟುವುದೇ ಇಲ್ಲ. ಅಲ್ಲಿ ಬೇಕಾದದ್ದು ವಿಎಲ್‌ಎಎನ್. ಅದನ್ನು ಬಲ್ಲ ಸ್ವಿಚ್ಚು ಯಾವ ಪೋರ್ಟು ಯಾವ ಗುಂಪಿನದೆಂದು ನೆನಪಿಡುತ್ತದೆ. ಒಂದೇ ವೈರಿನಲ್ಲಿ ಹಲವು ಗುಂಪುಗಳು ಸಾಗುವಾಗ ಪ್ರತಿ ದತ್ತಾಂಶದ ಕಟ್ಟಿಗೂ ಗುಂಪಿನ ಸಂಖ್ಯೆ ಅಂಟಿಸುತ್ತದೆ. ಮನೆಮಂದಿಗೆ 10, ಸಾಧನಗಳಿಗೆ 20 ಅನ್ನಿ. 10ರಿಂದ 20ಕ್ಕೆ ಮಾತು ಶುರುಮಾಡಬಹುದು, 20 ಉತ್ತರಿಸಬಹುದು, ತಾನಾಗಿ ಇತ್ತ ಬರುವಂತಿಲ್ಲ ಎಂದು ರೌಟರಿನ ಫೈರ್‌ವಾಲಿನಲ್ಲಿ ಬರೆಯಬೇಕು. ಇಂಟರ್‌ನೆಟ್ ಕಂಪನಿ ಕೊಡುವ ಪೆಟ್ಟಿಗೆಗಳಲ್ಲಿ ಈ ಸೌಲಭ್ಯ ಸಿಗುವುದು ಅಪರೂಪ.

ಇಷ್ಟಾದರೂ ಕ್ಯಾಮೆರಾ ಹೊರಗಿನ ಸರ್ವರಿಗೆ ಏನು ಕಳಿಸುತ್ತದೆ ಎನ್ನುವುದನ್ನು ಈ ಗೋಡೆ ತಡೆಯುವುದಿಲ್ಲ. ಅದರ ಪಾಸ್‌ವರ್ಡನ್ನು ಇವತ್ತೇ ಬದಲಿಸಿ.