ಸಾವಿನ ನಂತರದ ಸಂಜೆಗಳು: ಏನು ನೋಡುವುದು, ಏನು ಬಿಡುವುದು

ಊರಿನಲ್ಲಿ ಅಪ್ಪನೋ ಅಮ್ಮನೋ ತೀರಿಕೊಂಡು, ಇಲ್ಲಿಂದ ಹೋಗಲಾಗದೆ ಫೋನಿನಲ್ಲೇ ಅಂತ್ಯಕ್ರಿಯೆ ನೋಡಿದವರು ನಮ್ಮ ನಡುವೆ ಎಷ್ಟೋ ಜನ ಇದ್ದಾರೆ. ಮೊದಲ ಎರಡು ಮೂರು ದಿನ ಕರೆಗಳು ಬರುತ್ತವೆ, ಗೆಳೆಯರು ಅನ್ನ ಸಾರು ತಂದುಕೊಡುತ್ತಾರೆ. ಆಮೇಲೆ ಎಲ್ಲರೂ ಕೆಲಸಕ್ಕೆ ಮರಳುತ್ತಾರೆ. ಜರ್ಮನಿಯ ನವೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ. ಆ ಹೊತ್ತಿಗೆ ಊರಿನಲ್ಲಿ ರಾತ್ರಿ ಒಂಬತ್ತು, ಅಲ್ಲಿಯವರು ಮಲಗುವ ತಯಾರಿಯಲ್ಲಿ ಇರುತ್ತಾರೆ. ಉಳಿಯುವುದು ನೀವು ಮತ್ತು ಒಂದು ಪರದೆ. ಆ ಪರದೆಯಲ್ಲಿ ಏನು ಹಾಕಿಕೊಳ್ಳುತ್ತೀರಿ ಎನ್ನುವುದರ ಮೇಲೆ ಆ ರಾತ್ರಿಯ ನಿದ್ದೆ ನಿಂತಿರುತ್ತದೆ. ಇವತ್ತು ಅದರ ಬಗ್ಗೆ ಮಾತಾಡೋಣ.

ಸೂತಕದ ದಿನಗಳಲ್ಲಿ ಟಿವಿ ಹಾಕಬಾರದು ಎನ್ನುವ ಮನೆಗಳಿವೆ. ಅದನ್ನು ಪಾಲಿಸುವವರು ಪಾಲಿಸಲಿ, ನನ್ನ ತಕರಾರಿಲ್ಲ. ಆದರೆ ಆ ನಿಯಮ ಹುಟ್ಟಿದ್ದು ಮನೆ ತುಂಬ ಜನ ಇದ್ದು, ಹದಿಮೂರು ದಿನವೂ ಯಾರಾದರೂ ಪಕ್ಕದಲ್ಲಿ ಕೂತಿರುತ್ತಿದ್ದ ಕಾಲದಲ್ಲಿ. ಒಂಟಿ ಫ್ಲಾಟಿನಲ್ಲಿ ಹದಿಮೂರು ದಿನ ಗೋಡೆ ನೋಡಿಕೊಂಡು ಕೂರುವುದು ಬೇರೆಯೇ ಮಾತು.

ಒಬ್ಬ ಗೆಳತಿಯ ವಿಷಯ ಹೇಳುತ್ತೇನೆ. ಶಿವಮೊಗ್ಗದ ಕಡೆಯವಳು, ಇಲ್ಲಿ ಮ್ಯೂನಿಕ್‌ನಲ್ಲಿ ಕೆಲಸ. ಅಪ್ಪ ಹೋದಾಗ ವೀಸಾ ಕಾಗದ ಕಚೇರಿಯಲ್ಲಿ ಸಿಕ್ಕಿಕೊಂಡಿತ್ತು, ಹೊರಡಲಾಗಲಿಲ್ಲ. ಅಣ್ಣ ವಾಟ್ಸಾಪಿನಲ್ಲಿ ಅಂತ್ಯಕ್ರಿಯೆಯ ವಿಡಿಯೋ ಕಳಿಸಿದ. ಅದರ ಹಿಂದೆಯೇ ಬಂಧುಗಳ ಗುಂಪಿನಲ್ಲಿ ಐಸಿಯು ಫೋಟೋಗಳೂ ಬಂದವು. ಹತ್ತು ದಿನ ಕಳೆದ ಮೇಲೆ ಮಾತಾಡಿದಾಗ ಅವಳು ಹೇಳಿದ್ದು ಇಷ್ಟು: “ಅಕ್ಕ, ದಿನಾ ರಾತ್ರಿ ಆ ವಿಡಿಯೋ ನೋಡ್ತೀನಿ. ನೋಡದೇ ಇದ್ರೆ ಅಪ್ಪನ್ನ ಬಿಟ್ಟುಬಿಟ್ಟೆ ಅನ್ಸತ್ತೆ. ನೋಡಿದ್ರೆ ಎರಡು ಗಂಟೆವರೆಗೆ ನಿದ್ದೆ ಬರಲ್ಲ.”

ಮೊದಲು ಮಾತಾಡಬೇಕಾದದ್ದು ಸಿನಿಮಾ, ಧಾರಾವಾಹಿಗಳ ಬಗ್ಗೆ ಅಲ್ಲ, ಈ ವಿಡಿಯೋ ಬಗ್ಗೆಯೇ. ದೂರದಲ್ಲಿದ್ದವರಿಗೆ ಅದನ್ನು ಒಮ್ಮೆ ನೋಡುವುದರಿಂದ ನಡೆದದ್ದು ನಿಜ ಎಂದು ಮನಸ್ಸಿಗೆ ನಾಟುತ್ತದೆ. ಅದು ಬೇಕು. ಆದರೆ ದಿನಾ ನೋಡುವಾಗ ಹೊಸದೇನೂ ನಾಟುವುದಿಲ್ಲ, ಅದೇ ಗಾಯಕ್ಕೆ ಅದೇ ಕಡ್ಡಿ. ದುರಂತದ ದೃಶ್ಯಗಳು ಮತ್ತೆ ಮತ್ತೆ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಪ್ರಸಿದ್ಧ ಅಧ್ಯಯನ ಇದೆ. 2013ರಲ್ಲಿ ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬ್ ಸಿಡಿದ ಮೇಲೆ ಕ್ಯಾಲಿಫೋರ್ನಿಯಾದ ಮನಃಶಾಸ್ತ್ರಜ್ಞರು ಅಮೆರಿಕದ ಸಾವಿರಾರು ಜನರನ್ನು ವಿಚಾರಿಸಿದರು. ಘಟನೆಯ ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆಗಿಂತ ಹೆಚ್ಚು ಆ ಸುದ್ದಿಯನ್ನೇ ನೋಡಿದವರಲ್ಲಿ, ಸ್ಥಳದಲ್ಲೇ ಇದ್ದವರಿಗಿಂತಲೂ ಹೆಚ್ಚಿನ ಒತ್ತಡದ ಲಕ್ಷಣಗಳು ಕಂಡುಬಂದವು. ಮೊದಲೇ ಆತಂಕ ಇದ್ದವರು ಹೆಚ್ಚು ನೋಡಿರಬಹುದು, ನೋಡಿದ್ದರಿಂದಲೇ ಎಲ್ಲವೂ ಆಯಿತು ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೂ “ನೋಡಿ ನೋಡಿ ಅಭ್ಯಾಸವಾಗಿ ಹಗುರಾಗುತ್ತದೆ” ಎನ್ನುವ ನಮ್ಮ ನಂಬಿಕೆಯನ್ನು ಇದು ಅಲ್ಲಾಡಿಸುತ್ತದೆ.

ನಮ್ಮ ಗೆಳತಿ ವಿಡಿಯೋ ಅಳಿಸಲಿಲ್ಲ, ನಾನೂ ಅಳಿಸು ಎನ್ನಲಿಲ್ಲ. ಅಳಿಸಿದರೆ ಮುಂದೆ ಪಶ್ಚಾತ್ತಾಪ ಪಡುವವರು ಇದ್ದಾರೆ. ಅದನ್ನು ಒಂದು ಪೆನ್ ಡ್ರೈವಿಗೆ ಹಾಕಿ ಗಂಡನ ಕೈಗೆ ಕೊಟ್ಟಳು, ಫೋನಿನಿಂದ ತೆಗೆದಳು. ಬಂಧುಗಳ ಗುಂಪಿನಿಂದ ಫೋಟೋಗಳು ತಾವಾಗಿಯೇ ಫೋನಿಗೆ ಇಳಿಯದಂತೆ ಮಾಡಿಕೊಂಡಳು. ವಿಡಿಯೋ ಬೇಕೆನಿಸಿದರೆ ಹಗಲಲ್ಲಿ, ಗಂಡ ಜೊತೆಗಿದ್ದಾಗ ನೋಡುವುದು ಎಂದು ತೀರ್ಮಾನವಾಯಿತು. ವಿಡಿಯೋ ಮನೆಯಲ್ಲೇ ಉಳಿಯಿತು, ಹಾಸಿಗೆಯ ಪಕ್ಕದಿಂದ ಮಾತ್ರ ದೂರ ಹೋಯಿತು.

ಆಮೇಲೆ ಸಂಜೆಗೆ ಏನು ಎನ್ನುವ ಪ್ರಶ್ನೆ. ಎಲ್ಲರೂ ಹೇಳುವುದು “ಒಂದು ಕಾಮಿಡಿ ಹಾಕ್ಕೋ” ಎಂದು. ಈ ಸಲಹೆ ಅರ್ಧ ಮಾತ್ರ ಸರಿ. ದುಃಖದಲ್ಲಿರುವ ಮನಸ್ಸಿಗೆ ಭಾರವಾಗುವುದು ದುಃಖದ ಕಥೆ ಮಾತ್ರವಲ್ಲ, ಮುಂದೇನಾಗುತ್ತದೋ ಎನ್ನುವುದೂ ಭಾರವೇ. ಮೊನ್ನೆ ತಾನೇ ಒಂದು ಫೋನ್ ಕರೆ ಬದುಕನ್ನು ಬುಡಮೇಲು ಮಾಡಿದೆ, ದೇಹ ಇನ್ನೂ ಮುಂದಿನ ಕರೆಗೆ ಕಾಯುತ್ತಿದೆ. ಅಂಥ ಹೊತ್ತಿನಲ್ಲಿ ಹೊಸ ಥ್ರಿಲ್ಲರ್ ಅಷ್ಟೇ ಅಲ್ಲ, ಒಳ್ಳೆಯ ವಿಮರ್ಶೆ ಪಡೆದ ಹೊಸ ಕೌಟುಂಬಿಕ ಚಿತ್ರವೂ ಎದೆ ಬಿಗಿಯುವಂತೆ ಮಾಡಬಹುದು. ಹಿಂದೆ ನೋಡಿದ್ದನ್ನೇ ಮತ್ತೆ ನೋಡಿದರೆ ಆ ಕಾಯುವಿಕೆ ಇರುವುದಿಲ್ಲ. ನಡುವೆ ಹತ್ತು ನಿಮಿಷ ಮನಸ್ಸು ಬೇರೆಲ್ಲೋ ಹೋಗಿ ಬಂದರೂ ಕಥೆ ಕೈಬಿಟ್ಟು ಹೋಗುವುದಿಲ್ಲ. ದುಃಖದಲ್ಲಿ ಗಮನ ನಿಲ್ಲುವುದು ಕಷ್ಟ ಎನ್ನುವುದು ಅನುಭವಿಸಿದವರಿಗೆ ಗೊತ್ತು. ಎರಡೂವರೆ ಗಂಟೆಯ ಸಿನಿಮಾಕ್ಕಿಂತ ಇಪ್ಪತ್ತೈದು ನಿಮಿಷದ ಒಂದು ಕಂತು ಮೇಲು ಎನ್ನುವುದು ಅದಕ್ಕೇ. ಮುಗಿಸಿದೆ ಎನ್ನುವ ಸಣ್ಣ ಸಮಾಧಾನವೂ ಸಿಗುತ್ತದೆ.

ಇನ್ನು, ಹಾಸ್ಯ ಎಂದ ಮಾತ್ರಕ್ಕೆ ನೆಮ್ಮದಿ ಎಂದುಕೊಳ್ಳಬೇಡಿ. ಫಣಿ ರಾಮಚಂದ್ರ ಅವರ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1990ರ ‘ಗಣೇಶನ ಮದುವೆ’ ಒಂದು ವಠಾರದ ಜಗಳ, ಪ್ರೀತಿ, ಗೊಂದಲಗಳ ಕಥೆ. ಅದರ ಮರುವರ್ಷದ ‘ಗೌರಿ ಗಣೇಶ’ವೂ ನಗಿಸುತ್ತದೆ, ಅದರಲ್ಲೂ ಅನಂತ್ ನಾಗ್ ಇದ್ದಾರೆ, ಆದರೆ ಅದರ ಕಥೆ ನಿಂತಿರುವುದೇ ಸತ್ತುಹೋದ ಯುವತಿಯೊಬ್ಬಳ ಡೈರಿಯ ಮೇಲೆ. ಬೇರೆ ಸಮಯದಲ್ಲಿ ಗಮನಕ್ಕೇ ಬಾರದ ಸಂಗತಿ ಅದು. ‘ಮುಂಗಾರು ಮಳೆ’ ಎಂದರೆ ನಮಗೆ ಜೋಗ, ಮಳೆ, ಹಾಡು ನೆನಪಾಗುತ್ತವೆ, ಕೊನೆಯಲ್ಲಿ ಸಾಯುವ ಮೊಲ ಮರೆತೇ ಹೋಗಿರುತ್ತದೆ. ‘777 ಚಾರ್ಲಿ’ಯನ್ನು ನಾಯಿಯ ತುಂಟಾಟದ ಚಿತ್ರ ಎಂದುಕೊಂಡು ಹಾಕಿದವರು ಕ್ಯಾನ್ಸರಿನ ಕಥೆಯಲ್ಲಿ ಸಿಕ್ಕಿಬೀಳುತ್ತಾರೆ. ‘ಬಂಗಾರದ ಮನುಷ್ಯ’ ಶುರುವಾಗುವುದೇ ಮನೆಯ ಯಜಮಾನನ ಸಾವಿನಿಂದ. ಇವೆಲ್ಲ ಒಳ್ಳೆಯ ಚಿತ್ರಗಳೇ, ಸಮಯ ಮಾತ್ರ ಇದಲ್ಲ.

ಆದ್ದರಿಂದ ಹಾಕುವ ಮೊದಲು ಕಥೆ ಪೂರ್ತಿ ತಿಳಿದುಕೊಳ್ಳಿ, ಕೊನೆಯನ್ನೂ ಸೇರಿಸಿ. ಕುತೂಹಲ ಕೆಡುತ್ತದೆ ಎನ್ನುವ ಚಿಂತೆ ಈಗ ಬೇಡ, ಕೆಡಲಿ ಎಂದೇ ಓದಬೇಕು. ಇಂಗ್ಲಿಷ್ ಚಿತ್ರಗಳಿಗಾದರೆ doesthedogdie.com ಎನ್ನುವ ತಾಣವಿದೆ. ನಾಯಿ ಸಾಯುತ್ತದೆಯೇ ಎಂಬ ಪ್ರಶ್ನೆಯಿಂದ ಶುರುವಾದ ಅದರಲ್ಲಿ ಈಗ ತಂದೆ ತಾಯಿ ಸಾಯುತ್ತಾರೆಯೇ, ಆಸ್ಪತ್ರೆಯ ದೃಶ್ಯ ಇದೆಯೇ ಎಂಬಂಥ ಪ್ರಶ್ನೆಗಳಿಗೆ ನೋಡುಗರೇ ಉತ್ತರ ಬರೆದಿದ್ದಾರೆ. ಹಳೆಯ ಕನ್ನಡ ಚಿತ್ರಗಳಿಗೆ ಅದನ್ನು ನಂಬಿ ಕೂರಲಾಗದು. ಅಲ್ಲಿ ನಿಮ್ಮ ಅತ್ತಿಗೆಯೋ ಚಿಕ್ಕಮ್ಮನೋ ಮೇಲು, “ಅದರಲ್ಲಿ ಅಪ್ಪ ಸಾಯ್ತಾರಾ?” ಎಂದು ನೇರವಾಗಿ ಕೇಳಿ. ನಿಮ್ಮ ಮನೆಯಲ್ಲಿ ಆದದ್ದು ಏನೋ ಅದನ್ನೇ ಮುಖ್ಯವಾಗಿ ವಿಚಾರಿಸಿ. ಅಪಘಾತದಲ್ಲಿ ಕಳೆದುಕೊಂಡವರಿಗೆ ಹೊಡೆದಾಟ ತಡೆಯಬಹುದು, ಬ್ರೇಕಿನ ಸದ್ದು ತಡೆಯಲಾಗದು. ಮರೆವಿನ ಕಾಯಿಲೆಯಲ್ಲಿ ಅಪ್ಪನನ್ನು ಕಳೆದುಕೊಂಡವರು ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರವನ್ನು ಸದ್ಯಕ್ಕೆ ಪಕ್ಕಕ್ಕಿಡಬೇಕು.

ನಮ್ಮ ಗೆಳತಿ ಆರಿಸಿಕೊಂಡದ್ದು ‘ಮಾಲ್ಗುಡಿ ಡೇಸ್’. ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರಿಸಿದ್ದು ನಿಮಗೆ ಗೊತ್ತೇ ಇದೆ. ಅವಳ ಪಾಲಿಗೆ ಅದು ತನ್ನದೇ ಜಿಲ್ಲೆಯ ಮಳೆ, ಹೆಂಚು, ಜಗಲಿ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕೂತು ನೋಡಿದ್ದು. ಕಂತುಗಳು ಚಿಕ್ಕವು, ಗದ್ದಲವಿಲ್ಲ. ನನಗೆ ಇದ್ದ ಅನುಮಾನ ಒಂದೇ, ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡರು. ಆ ಕಟ್ಟುನಿಟ್ಟಿನ ಅಪ್ಪನನ್ನು ಇವಳು ಈಗ ಹೇಗೆ ನೋಡುತ್ತಾಳೆ? ಅದಕ್ಕೆ ಒಂದು ಲೆಕ್ಕ ಇಟ್ಟುಕೊಂಡೆವು. ನೋಡುವ ಮೊದಲು ಮನಸ್ಸಿನ ಭಾರಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡುವುದು, ಮುಗಿದು ಇಪ್ಪತ್ತು ನಿಮಿಷದ ಮೇಲೆ ಮತ್ತೊಂದು. ಚಿಕಿತ್ಸಕರು ಬಳಸುವ ಅಳತೆಯೇ ಇದು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದರೂ ಸಾಕು.

ಮೊದಲ ದಿನ ಏಳು ಇದ್ದದ್ದು ಐದಾಯಿತು. ಸ್ವಾಮಿಯ ಅಪ್ಪನನ್ನು ನೋಡಿ ಅತ್ತಳಂತೆ, ಆದರೆ ಅತ್ತ ಮೇಲೆ ಊಟ ಮಾಡಿದಳು, ಹನ್ನೊಂದಕ್ಕೆ ಮಲಗಿದಳು. ಅತ್ತದ್ದರಿಂದ ಆಯ್ಕೆ ತಪ್ಪು ಎಂದಾಗುವುದಿಲ್ಲ, ಇದನ್ನು ದಯವಿಟ್ಟು ಗಮನಿಸಿ. ಅಳುವಿನ ನಂತರ ಉಸಿರು ಸಡಿಲವಾಗಿ ವ್ಯಕ್ತಿಯ ನೆನಪು ಉಳಿದರೆ ಅದು ಒಳ್ಳೆಯ ಅಳು. ಕಣ್ಣು ಮುಚ್ಚಿದಾಗ ಅದೇ ದೃಶ್ಯ ಮತ್ತೆ ಮತ್ತೆ ಬಂದು, ಎದೆ ಹೊಡೆದುಕೊಂಡು, ಕೈ ತಣ್ಣಗಾದರೆ ಆ ಕಾರ್ಯಕ್ರಮವನ್ನು ಬಿಡಬೇಕು. ಅಂಕ ಎರಡು ಏರಿದರೂ ಅಷ್ಟೇ.

ಒಂದು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ರಾತ್ರಿ ಐದು ಇದ್ದದ್ದು ಎಂಟಾಯಿತು. ವಿಚಾರಿಸಿದರೆ ಸ್ವಾಮಿಯ ಕಥೆಯ ಕೊನೆಯ ಭಾಗ ನೋಡಿದ್ದಾಳೆ. ಗೆಳೆಯ ರಾಜಮ್ ಊರು ಬಿಡುತ್ತಾನೆ, ರೈಲು ಹೊರಡುತ್ತದೆ, ಹುಡುಗ ಪ್ಲಾಟ್‌ಫಾರಂನಲ್ಲಿ ಉಳಿಯುತ್ತಾನೆ. ಯಾರೂ ಸಾಯುವುದಿಲ್ಲ. ಆದರೆ ವಿದಾಯ ಹೇಳಲಾಗದೆ ಉಳಿದವಳಿಗೆ ಅದಕ್ಕಿಂತ ಕಠಿಣ ದೃಶ್ಯ ಬೇರೆ ಇರಲಾರದು. ನಾನು ಅಪ್ಪನ ಪಾತ್ರದ ಬಗ್ಗೆ ಯೋಚಿಸಿದ್ದೆ, ರೈಲಿನ ಬಗ್ಗೆ ಯೋಚಿಸಿರಲಿಲ್ಲ. ತಾನು ಬೇಕೆಂದು ಆ ಭಾಗ ಹಾಕಲಿಲ್ಲ ಎಂದಳು. ಒಂದು ಕಂತು ಮುಗಿಯುತ್ತಿದ್ದಂತೆ ಮುಂದಿನದು ತಾನೇ ಶುರುವಾಗಿತ್ತು.

ಅವತ್ತು ಅದನ್ನು ನಿಲ್ಲಿಸಿದೆವು. ನೆಟ್‌ಫ್ಲಿಕ್ಸ್ ಖಾತೆಯಲ್ಲಿ ನಿಮ್ಮ ಪ್ರೊಫೈಲಿನ Playback settings ಒಳಗೆ ಎರಡು ಗುರುತು ಇರುತ್ತವೆ, ಒಂದು ಮುಂದಿನ ಕಂತಿಗೆ, ಇನ್ನೊಂದು ಹುಡುಕುವಾಗ ತಾನಾಗಿ ಓಡುವ ತುಣುಕುಗಳಿಗೆ. ಎರಡನ್ನೂ ತೆಗೆಯಿರಿ. ಯೂಟ್ಯೂಬಿನಲ್ಲಿ ವಿಡಿಯೋ ಓಡುವಾಗ Autoplay ಗುಂಡಿ ಕಾಣುತ್ತದೆ, ಆರಿಸಿ. ಯೂಟ್ಯೂಬಿನಲ್ಲಿ ಇನ್ನೊಂದು ತೊಂದರೆ ಇದೆ. ರಾತ್ರಿ ಒಮ್ಮೆ “ಹೃದಯಾಘಾತದ ಲಕ್ಷಣ” ಎಂದು ಹುಡುಕಿದರೆ ಮಾರನೆಯ ದಿನದಿಂದ ಅಂಥವೇ ಎದುರಿಗೆ ಬರುತ್ತವೆ. ಬಂದದ್ದರ ಪಕ್ಕದ ಮೂರು ಚುಕ್ಕೆ ಒತ್ತಿ Not interested ಕೊಡಿ, ನೋಡಿದ ಇತಿಹಾಸದಿಂದಲೂ ಅದನ್ನು ತೆಗೆಯಿರಿ. ಕೆಲವು ದಿನಗಳಲ್ಲಿ ಪಟ್ಟಿ ತಿಳಿಯಾಗುತ್ತದೆ. ನಮ್ಮ ಸುದ್ದಿ ವಾಹಿನಿಗಳ ನೇರಪ್ರಸಾರ ಮಾತ್ರ ಪೂರ್ತಿ ಬಂದ್. ಸುದ್ದಿ ಬೇಕಾದರೆ ಬೆಳಿಗ್ಗೆ ಓದಿ. ಆ ಢಣ್ ಢಣ್ ಸಂಗೀತ ಆರೋಗ್ಯವಂತರಿಗೇ ಕಷ್ಟ.

ಗೆಳತಿ ಕೊನೆಗೆ ಮಾಡಿದ್ದೇನೆಂದರೆ ಸ್ವಾಮಿಯ ಮೊದಲ ಕೆಲವು ಕಂತುಗಳನ್ನಷ್ಟೇ ಉಳಿಸಿಕೊಂಡಳು, ಅವನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಬೇಸರವಾದಾಗ ‘ಪಾಪ ಪಾಂಡು’. ಮಲಗುವ ಒಂದು ಗಂಟೆ ಮೊದಲು ಪರದೆ ಆರಿಸಿ, ಬರೀ ಧ್ವನಿ, ಹಳೆಯ ಹಾಡೋ ಯಕ್ಷಗಾನವೋ.

ಇದಕ್ಕೆ ಮಿತಿ ಇದೆ. ನೋಡುವುದು ಸಂಜೆಯನ್ನು ದಾಟಿಸುತ್ತದೆ, ದುಃಖವನ್ನು ಕರಗಿಸುವುದಿಲ್ಲ. ಊರಿನ ಕರೆ ಬಂದರೂ ಎತ್ತದೆ ನೋಡುತ್ತಿದ್ದೀರಿ, ರಾತ್ರಿ ಮೂರಾದರೂ ನಿಲ್ಲಿಸಲಾಗುತ್ತಿಲ್ಲ, ವಾರಗಳು ಕಳೆದರೂ ಅಂಕ ಎಂಟರ ಕೆಳಗೆ ಇಳಿಯುತ್ತಿಲ್ಲ ಎಂದಾದರೆ ನಿಮ್ಮ ವೈದ್ಯರಲ್ಲಿ ಹೋಗಿ. ಬದುಕೇ ಬೇಡ ಎನ್ನುವ ಯೋಚನೆ ಬಂದರೆ ಕಾಯಬೇಡಿ. ಜರ್ಮನಿಯಲ್ಲಿ 0800 111 0 111, ಬ್ರಿಟನ್ನಿನಲ್ಲಿ 116 123, ಅಮೆರಿಕದಲ್ಲಿ 988, ಊರಿನಲ್ಲಿರುವವರಿಗೆ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಗೆಳತಿ ಏಪ್ರಿಲಿನಲ್ಲಿ ಊರಿಗೆ ಹೋಗಿ ಬಂದಳು. ಮಾಲ್ಗುಡಿ ನಿಲ್ದಾಣವಾಗಿ ಕಾಣುವ ಅರಸಾಳು ಈಗ ವಸ್ತುಸಂಗ್ರಹಾಲಯ, ಅಣ್ಣನ ಜೊತೆ ಅಲ್ಲಿಗೂ ಹೋಗಿದ್ದಳಂತೆ. ಕೊನೆಯ ಕಂತನ್ನು ಮಾತ್ರ ಇನ್ನೂ ಮತ್ತೆ ನೋಡಿಲ್ಲ.